ಕಾಂತಿಯಮ್ಮನ ಕಲ್ಲಿಗೆ ಒಂದು ಶ್ಲೋಕ

ನಾಲ್ಕೂಕಾಲಿಗೆ ಏಳುವುದು. ಮೋಟರು ಹಾಕಿ ಟ್ಯಾಂಕಿಗೆ ನೀರು ಬಿಡುವುದು. ಮಾವನ ಕೋಣೆಗೆ ಹೋಗಿ ಅವರನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿಸುವುದು, ಬೆನ್ನಿನಲ್ಲಿ ಎಲ್ಲಾದರೂ ಕೆಂಪಾಗಿದೆಯೋ ಎಂದು ನೋಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಒದ್ದೆಯಾದ ಬಟ್ಟೆ ಬದಲಿಸುವುದು. ಕೈ ತೊಳೆದು ದೇವರ ದೀಪ ಹಚ್ಚುವುದು. ರಾತ್ರಿ ರುಬ್ಬಿಟ್ಟ ಹಿಟ್ಟಿಗೆ ಉಪ್ಪು ಹಾಕುವುದು. ಮಾವನ ಗಂಜಿಯನ್ನು ಮಿಕ್ಸಿಯಲ್ಲಿ ಹಾಕಿ ಗಂಟಿಲ್ಲದ ಹಾಗೆ ತಿರುವಿ ಸೋಸುವುದು, ಮೂರು ಮಾತ್ರೆಗಳನ್ನು ಪುಡಿ ಮಾಡಿ ಎರಡನ್ನು ಬೆರೆಸಿ ಒಂದನ್ನು ಬೇರೆ ಇಡುವುದು. ಗಂಡನಿಗೆ ಕಾಫಿ, ಬುತ್ತಿಗೆ ಪಲ್ಯ. ಅಂಗಳ ಗುಡಿಸುವುದು. ಇಷ್ಟಾಗುವಾಗ ವೇಣೂರಿನ ಪೇಟೆಯ ಕಡೆಯಿಂದ ಮೊದಲ ಬಸ್ಸಿನ ಹಾರನ್ ಕೇಳುತ್ತದೆ, ಬೆಳಕು ಹರಿಯುತ್ತದೆ. ಮನೆಯ ಉಳಿದವರ ಲೆಕ್ಕದಲ್ಲಿ ದಿನ ಶುರುವಾಗುವುದು ಆಗ.

ಶಶಿಪ್ರಭಾ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷ. ಇದರಲ್ಲಿ ಇಪ್ಪತ್ತೆಂಟು ವರ್ಷ ನಾಲ್ಕೂಕಾಲಿಗೆ ಎದ್ದವರು ಇಬ್ಬರು. ಹೋದ ಕಾರ್ತಿಕದಿಂದ ಒಬ್ಬಳು.

ಅತ್ತೆ ಕಾಂತಿಯಮ್ಮ ತೀರಿಕೊಂಡ ದಿನ ಶಶಿಪ್ರಭಾ ಮನೆಯಲ್ಲಿರಲಿಲ್ಲ. ನಾದಿನಿ ತೃಪ್ತಿಗೆ ಆಪರೇಷನ್ ಆಗಿತ್ತೆಂದು ಅವಳ ಆರೈಕೆಗೆ ಬಂಟ್ವಾಳಕ್ಕೆ ಹೋಗಿದ್ದಳು. ಇಲ್ಲಿ ಮುದುಕಿ ಎಂದಿನಂತೆ ಎದ್ದು ದೀಪ ಹಚ್ಚಿ, ಒಲೆಯ ಮೇಲೆ ನೀರಿಟ್ಟು, ಅಡುಗೆಮನೆಯ ಮಣೆಯ ಮೇಲೆ ಕುಳಿತಿದ್ದಾರೆ. ಕುಳಿತಲ್ಲೇ ಜೀವ ಹೋಗಿದೆ. ಒಳಗೆ ಗಂಡ, ಮಗ ಮಲಗಿದ್ದರು. ಆರೂವರೆಗೆ ಕಾಫಿ ಬರಲಿಲ್ಲ ಎಂದು ಮಾವ ಕೂಗಿದರು. ಮತ್ತೊಮ್ಮೆ ಕೂಗಿದರು. ಕಾಫಿ ಬಾರದೆ ಇದ್ದದ್ದರಿಂದ ಆ ಸಾವು ಮನೆಗೆ ಗೊತ್ತಾಯಿತು.

ಮಾವ ನಿತ್ಯಾನಂದ ಮಾಸ್ಟ್ರು ಗುರುವಾಯನಕೆರೆಯ ಶಾಲೆಯೊಂದರಲ್ಲಿ ಮೂವತ್ತಾರು ವರ್ಷ ಸಂಸ್ಕೃತ ಕಲಿಸಿದವರು. ನಿವೃತ್ತರಾದ ಮೇಲೂ ಮನೆಯ ಚಾವಡಿಯಲ್ಲಿ ಪಾಠ ನಡೆಯುತ್ತಿತ್ತು. ಅವರ ಪಾಠಕ್ಕೆ ಒಂದು ಕ್ರಮವಿತ್ತು, ಅದನ್ನು ಎಂದೂ ಮುರಿದವರಲ್ಲ. ಮೊದಲ ದಿನ ಶ್ಲೋಕವನ್ನು ಒಂದೇ ಉಸಿರಿನಲ್ಲಿ ಹೇಳುವುದು. ಮಕ್ಕಳು ಪದಗಳ ನಡುವೆ ಜಾಗ ಬಿಡದೆ, ಕೇಳಿದ ಹಾಗೆ ಸರಪಳಿಯಂತೆ ಬರೆದುಕೊಳ್ಳುವುದು. ಬಿಡಿಸುವುದು ಮಾರನೆಯ ದಿನ. "ಒಂದು ರಾತ್ರಿ ಅದು ನಿಮ್ಮ ಕಿವಿಯಲ್ಲಿ ಇರ್ಲಿ. ಬೆಳಿಗ್ಗೆ ಎಲ್ಲಿ ತುಂಡಾಗ್ಬೇಕು ಅಂತ ಅದೇ ಹೇಳ್ತದೆ" ಎನ್ನುತ್ತಿದ್ದರು. ಕಣ್ಣಿಗೆ ಮಂಜು ಬಂದ ಮೇಲೆ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಕೆಲಸ ಶಶಿಪ್ರಭಾಳಿಗೆ ಬಿತ್ತು. ಏಳು ವರ್ಷ ಬರೆದಿದ್ದಾಳೆ. ಅವಳಿಗೆ ಬರೆದದ್ದು ಅರ್ಥವಾಗುತ್ತದೆಯೋ ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಅರ್ಥವಾಗುತ್ತಿತ್ತು. ಕಲಿಸಿದ್ದು ಅತ್ತೆ.

ಅತ್ತೆಗೆ ಕಲಿಸಿದವರು ಯಾರೂ ಇಲ್ಲ. ಅಡುಗೆಮನೆಗೂ ಚಾವಡಿಗೂ ನಡುವೆ ಒಂದು ಮಣ್ಣಿನ ಗೋಡೆ, ಅಷ್ಟೆ. ಐವತ್ತು ವರ್ಷ ಗೋಡೆಯ ಈಚೆ ಹಲಸಿನ ಬೇಳೆ ಸುಲಿಯುತ್ತಾ, ಅಕ್ಕಿ ಆರಿಸುತ್ತಾ, ಆಚೆಯ ಪಾಠ ಕೇಳಿದವರು. ಶಶಿಪ್ರಭಾ ಮದುವೆಯಾಗಿ ಬಂದ ಮೊದಲ ತಿಂಗಳು ಒಂದು ಸಂಜೆ ಚಾವಡಿಯಲ್ಲಿ ಮಾವ 'ನಾಗಚ್ಛತಿ' ಎಂಬುದನ್ನು ಅವಸರದಲ್ಲಿ 'ಹೋಗುವುದಿಲ್ಲ' ಎಂದು ಹೇಳಿಬಿಟ್ಟರು. ಈಚೆ ಅತ್ತೆ ಅನ್ನದ ಪಾತ್ರೆಯ ಮುಚ್ಚಳವನ್ನು ಎತ್ತಿ ಠಣ್ ಎಂದು ಬಡಿದರು. ಆಚೆ ಮಾತು ನಿಂತಿತು. ಮತ್ತೆ ಮಾವನ ದನಿ: "ನೋಡಿ ಮಕ್ಕಳೇ, ಇಲ್ಲಿ ನ, ಆಗಚ್ಛತಿ. ಅಕಾರಕ್ಕೆ ಆಕಾರ ಸೇರಿ ದೀರ್ಘ ಆಯ್ತು. ಬರುವುದಿಲ್ಲ ಅಂತ ಅರ್ಥ. 'ಹೋಗುವುದಿಲ್ಲ' ಆಗ್ಬೇಕಾದ್ರೆ ನ ಗಚ್ಛತಿ ಅಂತ ಹ್ರಸ್ವ ಇರ್ಬೇಕು." ಅತ್ತೆ ಮುಚ್ಚಳವನ್ನು ಮೆತ್ತಗೆ ಪಾತ್ರೆಯ ಮೇಲಿಟ್ಟು, ಸೊಸೆಯ ಕಡೆ ನೋಡದೆ ಹೇಳಿದ್ದರು: "ಮುಚ್ಚಳ ಜಾರಿತು ಮಾರಾಯ್ತಿ."

ಆಮೇಲೆ ಮುಚ್ಚಳ ಎಷ್ಟೋ ಸಲ ಜಾರಿತು. ಅತ್ತೆ ಒಂದು ದಿನವೂ ಚಾವಡಿಗೆ ಹೋಗಿ ಮಾತಾಡಲಿಲ್ಲ. ಮಾವ ಒಂದು ದಿನವೂ ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ.

ಅತ್ತೆ ಹೋಗಿ ಮೂರು ತಿಂಗಳಾದಾಗ ಒಂದು ಸಂಜೆ ಮಾವ ಸೊಸೆಯನ್ನು ಕರೆದು, "ಬರಿ. ಕಾಂತಿಗೆ ಒಂದು ಶ್ಲೋಕ. ವರ್ಷಾಂತಿಕಕ್ಕೆ ಕಲ್ಲಿನ ಬೆಂಚು ಇಡುವ, ನಮ್ಮ ಶಾಲೆಯ ಎದುರು, ಬಸ್ ನಿಲ್ಲುವಲ್ಲಿ. ಅದರ ಮೇಲೆ ಕೊರೆಸುವ" ಎಂದರು. ಮೂರು ಸಲ ಒಂದೇ ಉಸಿರಿನಲ್ಲಿ ಹೇಳಿದರು. ಅವಳು ಬರೆದುಕೊಂಡಳು:

ಗೃಹೇವಿದಿತವಿದ್ಯಾಯಾಪತ್ಯುಃಪಾರ್ಶ್ವೇಸದಾಶ್ರುತಾ
ದೀಪಂಪ್ರಜ್ವಾಲ್ಯಸುಪ್ತೇಷುಗೃಹಿಣೀಸಾಮೃತಾಮಮ

"ನಾಳೆ ಬಿಡಿಸುವ" ಎಂದರು ಮಾವ, ಎಂದಿನಂತೆ.

ಮಾರನೆಯ ಬೆಳಿಗ್ಗೆ ಅವರ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಏಳಲಿಲ್ಲ, ಮಾತು ಏಳಲಿಲ್ಲ. ಎಂಟು ತಿಂಗಳಾಯಿತು. ಆ 'ನಾಳೆ' ಬರಲೇ ಇಲ್ಲ.

ಈಗ ವರ್ಷಾಂತಿಕಕ್ಕೆ ಒಂಬತ್ತು ದಿನ. ಕಲ್ಲು ಸಿದ್ಧವಾಗಿ ಮೂಡುಬಿದಿರೆಯ ದಾರಿಯಲ್ಲಿ ಹುಕ್ರಪ್ಪನ ಶೆಡ್ಡಿನಲ್ಲಿ ಕುಳಿತಿತ್ತು. ಹುಕ್ರಪ್ಪ ಅಕ್ಷರ ಕೊರೆಯುವವನು. ಶ್ಲೋಕದ ಹಾಳೆ ನೋಡಿ ಅವನು ಫೋನಿನಲ್ಲಿ ಹೇಳಿದ್ದು ಇಷ್ಟೆ: "ಇದನ್ನು ಹೀಗೇ ಕೊರೆದ್ರೆ ಓದುವವರಿಗೆ ಉಸಿರು ಕಟ್ತದೆ. ಎಲ್ಲಿ ಜಾಗ ಬಿಡ್ಬೇಕು, ಗೆರೆ ಹಾಕಿ ಕೊಡಿ."

ಶಶಿಪ್ರಭಾಳ ಗಂಡ ಅಶೋಕನಿಗೆ ಪುಂಜಾಲಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಪ್ಪನಿಂದ ಅವನು ಸಂಸ್ಕೃತ ಕಲಿತಿರಲಿಲ್ಲ. ತಂಗಿ ತೃಪ್ತಿಗೆ ಶ್ಲೋಕದ ಫೋಟೋ ಕಳಿಸಿದ. ಅವಳು ಬಂಟ್ವಾಳದಲ್ಲಿ ಬಲ್ಲವರೊಬ್ಬರಿಗೆ ತೋರಿಸಿ, ಬಿಡಿಸಿದ್ದನ್ನು ಅರ್ಥದ ಸಮೇತ ಟೈಪು ಮಾಡಿಸಿ ಕಳಿಸಿದಳು. ಅಶೋಕ ಊಟದ ಮೇಜಿನಲ್ಲಿ ಅದನ್ನು ಗಟ್ಟಿಯಾಗಿ ಓದಿದ: "ಗೃಹೇ ವಿದಿತವಿದ್ಯಾ ಯಾ, ಮನೆಯಲ್ಲಿ ಯಾರ ವಿದ್ಯೆ ಎಲ್ಲರಿಗೂ ತಿಳಿದಿತ್ತೋ; ಪತ್ಯುಃ ಪಾರ್ಶ್ವೇ ಸದಾ ಶ್ರುತಾ, ಗಂಡನ ಪಕ್ಕದಲ್ಲಿ ಯಾರ ಮಾತು ಸದಾ ಕೇಳಿಬರುತ್ತಿತ್ತೋ; ದೀಪಂ ಪ್ರಜ್ವಾಲ್ಯ ಸುಪ್ತೇಷು, ಇತರರು ಮಲಗಿರುವಾಗ ದೀಪ ಬೆಳಗಿಸಿ; ಗೃಹಿಣೀ ಸಾಽಮೃತಾ ಮಮ, ನನ್ನ ಆ ಗೃಹಿಣಿ ಅಮೃತೆಯಾದಳು." ಓದಿ ಮುಗಿಸಿ ಹಾಳೆಯನ್ನು ಹೆಂಡತಿಯ ಕಡೆ ತಳ್ಳಿದ. "ಅಪ್ಪ ಅಮ್ಮನಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದಾರೆ ನೋಡು."

ಶಶಿಪ್ರಭಾ ಅವನ ತಟ್ಟೆಗೆ ಎರಡನೆಯ ದೋಸೆ ಹಾಕಿದಳು. 'ಅವಳ ವಿದ್ಯೆ ಎಲ್ಲರಿಗೂ ತಿಳಿದಿತ್ತು' ಎಂದು ಓದಿದವನಿಗೆ ಅಮ್ಮ ಸಂಸ್ಕೃತ ಬಲ್ಲವಳೆಂಬುದೇ ತಿಳಿದಿರಲಿಲ್ಲ.

ಅವನು ಅಂಗಡಿಗೆ ಹೋದ ಮೇಲೆ, ಮಾವನಿಗೆ ಗಂಜಿ ಕುಡಿಸಿ ಬಾಯಿ ಒರೆಸಿ, ತನ್ನ ಹಳೆಯ ಹಾಳೆಯನ್ನು ತೆಗೆದು ಮಣೆಯ ಮೇಲೆ ಕುಳಿತಳು. ಅದೇ ಮಣೆ.

ಎರಡು ಬಗೆಯಲ್ಲಿ ತಿರುಗುವ ಮೊದಲ ಕೀಲು 'ಗೃಹೇ' ಎಂಬಲ್ಲಿ. ಆ ಪದ ಏಕಾರದಲ್ಲಿ ಮುಗಿಯುತ್ತದೆ. ಏಕಾರದಲ್ಲಿ ಮುಗಿಯುವ ಪದದ ಮುಂದೆ ಹ್ರಸ್ವ 'ಅ'ಕಾರದಿಂದ ಶುರುವಾಗುವ ಪದ ಬಂದರೆ ಆ 'ಅ' ಹಿಂದಿನ ಏಕಾರದೊಳಗೆ ಅಡಗಿಬಿಡುತ್ತದೆ. ಅಡಗಿದ್ದಕ್ಕೆ ಗುರುತಾಗಿ ಬೇಕಾದವರು ಽ ಎಂಬ ಕೊಕ್ಕೆ ಹಾಕುತ್ತಾರೆ, ಅವಗ್ರಹ. ಹಾಕದಿದ್ದರೂ ತಪ್ಪಲ್ಲ. ಬಾಯಲ್ಲಿ ಹೇಳುವಾಗ ಅದಕ್ಕೆ ಸದ್ದೇ ಇಲ್ಲ. ಹಾಗಾಗಿ ಅವಳ ಕಿವಿಗೆ ಬಿದ್ದದ್ದು 'ಗೃಹೇ ವಿದಿತವಿದ್ಯಾ' ಆಗಿರಬಹುದು, 'ಗೃಹೇ ಅವಿದಿತವಿದ್ಯಾ' ಕೂಡ ಆಗಿರಬಹುದು. ಮನೆಯಲ್ಲಿ ಯಾರ ವಿದ್ಯೆ ತಿಳಿಯದೇ ಹೋಯಿತೋ, ಅವಳು.

ಎರಡನೆಯ ಕೀಲು 'ಸದಾ' ಎಂಬಲ್ಲಿ. ಸದಾ, ಶ್ರುತಾ ಎಂದು ಬಿಡಿಸಿದರೆ ಅಲ್ಲಿ ಸಂಧಿಯೇ ಇಲ್ಲ. ಎರಡು ಪದ ಪಕ್ಕಪಕ್ಕ ಕುಳಿತಿವೆ, ಅಷ್ಟೆ. ಸದಾ ಕೇಳಿಸಿದವಳು. ಆದರೆ ಸದಾ, ಅಶ್ರುತಾ ಎಂದೂ ಬಿಡಿಸಬಹುದು. ಆಕಾರಕ್ಕೆ ಅಕಾರ ಸೇರಿ ಒಂದೇ ದೀರ್ಘ. ಹೈಸ್ಕೂಲಿನ ಮಕ್ಕಳೂ ಬಾಯಿಪಾಠ ಹೇಳುವ ಸವರ್ಣದೀರ್ಘ. ಆಗ ಅರ್ಥ: ಎಂದೆಂದೂ ಕೇಳಿಸದೇ ಹೋದವಳು.

ಮೂರನೆಯದು ಕೊನೆಯಲ್ಲಿ. ಸಾ, ಅಮೃತಾ ಸೇರಿದರೂ 'ಸಾಮೃತಾ'. ಸಾ, ಮೃತಾ ಪಕ್ಕಪಕ್ಕ ನಿಂತರೂ 'ಸಾಮೃತಾ'. ಅವಳು ಸಾವಿಲ್ಲದವಳು. ಅವಳು ಸತ್ತಳು.

ಛಂದಸ್ಸನ್ನಾದರೂ ಕೇಳೋಣವೆಂದು ಬೆರಳು ಮಡಿಸಿ ಎಣಿಸಿದಳು. ಪಾದಕ್ಕೆ ಎಂಟೆಂಟು ಅಕ್ಷರದ ಅನುಷ್ಟುಪ್. ಹೀಗೆ ಬಿಡಿಸಿದರೂ ಎಂಟು, ಹಾಗೆ ಬಿಡಿಸಿದರೂ ಎಂಟು. ಲಘು ಲಘುವೇ, ಗುರು ಗುರುವೇ. ವ್ಯಾಕರಣ ಎರಡಕ್ಕೂ ಸಹಿ ಹಾಕುತ್ತದೆ. ಒಂದು ಬಗೆಯಲ್ಲಿ ಅದು ಮನೆತುಂಬ ಗೌರವ ಪಡೆದ ಹೆಂಡತಿಯ ಹೊಗಳಿಕೆ: ತಿಳಿದಿತ್ತು, ಕೇಳಿಸುತ್ತಿತ್ತು, ಅಮೃತೆ. ಇನ್ನೊಂದು ಬಗೆಯಲ್ಲಿ ಎಂಬತ್ತಾರು ವರ್ಷದ ಗಂಡಸಿನ ತಪ್ಪೊಪ್ಪಿಗೆ: ತಿಳಿಯಲಿಲ್ಲ, ಕೇಳಿಸಲಿಲ್ಲ, ಎಲ್ಲರೂ ಮಲಗಿರುವಾಗ ದೀಪ ಹಚ್ಚಿ ಸತ್ತಳು. ಒಂದೊಂದು ಕೀಲನ್ನು ಬೇರೆ ಬೇರೆ ತಿರುಗಿಸಿದರೆ ಎಂಟು ಬಗೆಯಾಗುತ್ತದೆ; ಆದರೆ ಮಾವ ಹಾಗೆ ಬೆರಕೆ ಮಾಡುವವರಲ್ಲ. ಶ್ಲೋಕಕ್ಕೆ ಒಂದೇ ಮುಖ ಇರಬೇಕು ಎನ್ನುತ್ತಿದ್ದರು.

ಅವಳು ಎದ್ದು ಕೈಯನ್ನು ಸೆರಗಿಗೆ ಒರೆಸಿಕೊಂಡು ಮಾವನ ಮಂಚದ ಬಳಿ ಹೋದಳು. "ಮಾವ, ಬಿಡಿಸಲಿಕ್ಕೆ ಬಾಕಿ ಉಂಟಲ್ಲ. ಎರಡು ಸಲ ಓದ್ತೇನೆ. ನಿಮ್ಮದು ಯಾವುದು ಹೇಳಿ. ಎಡಗೈ ಎತ್ತಿದ್ರೆ ಸಾಕು." ಮೊದಲ ಬಗೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಓದಿದಳು. ಮಾವನ ಕಣ್ಣು ತುಂಬಿ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿ, ಎರಡನೆಯ ಬಗೆಯಲ್ಲಿ ಓದಿದಳು. ಆಗಲೂ ಕಣ್ಣು ತುಂಬಿತು. ಎಡಗೈ ಹೊದಿಕೆಯ ಅಂಚನ್ನು ಹಿಡಿದು ಬಿಟ್ಟಿತು, ಹಿಡಿದು ಬಿಟ್ಟಿತು. ಈ ಕಾಯಿಲೆಯವರಿಗೆ ಎಲ್ಲದಕ್ಕೂ ಅಳು ಬರುತ್ತದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬಂದರೂ ಮಾವ ಅಳುತ್ತಿದ್ದರು. ಅವಳು ಮತ್ತೆ ಕೇಳಲಿಲ್ಲ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದಳು. "ತೃಪ್ತಿ ಕಳಿಸಿದ್ದು ಒಂದು ಬಗೆ. ಇನ್ನೊಂದು ಬಗೆಯಲ್ಲೂ ಬಿಡಿಸ್ಲಿಕ್ಕೆ ಆಗ್ತದೆ."

"ಯಾರು ಹೇಳಿದ್ದು?"

"ನಾನು."

ಅಶೋಕ ನಕ್ಕ. ಕೆಟ್ಟ ನಗುವಲ್ಲ, ಮಗು ದೊಡ್ಡವರ ಚಪ್ಪಲಿ ಹಾಕಿ ನಡೆದಾಗ ಬರುವ ನಗು. "ನೀನು ಬರ್ಕೊಂಡದ್ದು ಅಷ್ಟೇ ಅಲ್ವಾ? ಬರ್ದವರೆಲ್ಲ ಪಂಡಿತರಾದ್ರೆ ನಮ್ಮ ಅಂಗಡಿಯಲ್ಲಿ ಬಿಲ್ಲು ಬರೆಯುವವನೂ ಇಂಜಿನಿಯರ್."

ಅವಳು ಎರಡನೆಯ ಅರ್ಥವನ್ನು ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಅದನ್ನು ಬಸ್ ಸ್ಟಾಪಿನಲ್ಲಿ ಹಾಕ್ತಾರಾ ಮಾರಾಯ್ತಿ? ಊರವರು ಓದ್ಲಿ ಅಂತ? ಅಪ್ಪನ ಶಿಷ್ಯರೇ ಇರುವ ಊರು. ನೀನು ಸುಮ್ಮನೆ ಕೆದಕ್ಬೇಡ. ನಾಳೆ ನನಗೆ ಲೋಡು ಬರ್ಲಿಕ್ಕುಂಟು, ನೀನೇ ಹುಕ್ರಪ್ಪನಿಗೆ ಟೈಪು ಮಾಡಿದ್ದನ್ನು ಕೊಟ್ಟು ಬಾ" ಎಂದ. ಸ್ವಲ್ಪ ಸಾರು ಕೇಳಿದ.

ಹೀಗೆ ಆ ಕೆಲಸವೂ ಅವಳ ಪಟ್ಟಿಗೆ ಸೇರಿತು.

ಮಾರನೆಯ ದಿನ ಮಾವನ ಬಳಿ ಕುಳಿತುಕೊಳ್ಳಲಿಕ್ಕೆಂದು ಪಕ್ಕದ ಮನೆಯ ಬೀಬಿ ಬಂದಳು. ಅತ್ತೆಗಿಂತ ಹತ್ತು ವರ್ಷ ಚಿಕ್ಕವಳು, ಮಕ್ಕಳಿಬ್ಬರೂ ಗಲ್ಫಿನಲ್ಲಿ. ಬರುವಾಗ ತಟ್ಟೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರಿ ತಂದು ಮುಚ್ಚಿಟ್ಟಳು. ಶಶಿಪ್ರಭಾ ಮದ್ದು, ನೀರು, ಒರೆಸುವ ಬಟ್ಟೆ ಎಲ್ಲ ತೋರಿಸುತ್ತಿದ್ದಳು. ಕೈತಪ್ಪಿ ಗಂಜಿಯ ಪಾತ್ರೆಯ ಮುಚ್ಚಳ ಠಣ್ ಎಂದು ನೆಲಕ್ಕೆ ಬಿತ್ತು.

ಮಂಚದ ಮೇಲೆ ಮಾವನ ಮುಖ ಅಡುಗೆಮನೆಯ ಕಡೆಗೆ ತಿರುಗಿತು. ಬಾಯಿ ಅಲುಗಿತು, ಏನನ್ನೋ ತಿದ್ದಿಕೊಳ್ಳುವವರ ಹಾಗೆ. ಯಾರೂ ಬಾರದೆ ಇದ್ದುದರಿಂದ ಮತ್ತೆ ಮೇಲಿನ ಹಂಚನ್ನು ನೋಡತೊಡಗಿದರು.

ಬೀಬಿ ಮುಚ್ಚಳವನ್ನು ಎತ್ತಿ ಕೊಡುತ್ತಾ ಹೇಳಿದಳು: "ಕಾಂತಿಯಕ್ಕನ ಮುಚ್ಚಳ ಅಲ್ವಾ? ನಮ್ಮ ಮನೆಗೇ ಕೇಳ್ತಿತ್ತು. ನಮ್ಮವರು ಇದ್ದಾಗ ಹೇಳುವುದು, 'ಮಾಸ್ಟ್ರು ಎಂತದೋ ತಪ್ಪು ಹೇಳಿದ್ರು ಕಾಣ್ತದೆ' ಅಂತ."

"ನಿಮಗೆ ಗೊತ್ತಿತ್ತಾ?"

"ಬೇಲಿಯ ಆಚೆಯವರಿಗೆ ಗೊತ್ತುಂಟು. ಒಂದೇ ಗೋಡೆಯ ಆಚೆ ಕೂತವರಿಗೆ ಕೇಳದೆ ಇರ್ತದಾ ಶಶಿಯಕ್ಕ? ಕೇಳ್ತದೆ. ಕೇಳಿದೆ ಅಂತ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ." ಬೀಬಿ ಮಾವನ ಹೊದಿಕೆ ಸರಿ ಮಾಡಿದಳು. "ಈಗ ಹೇಳ್ಬೇಕು ಅಂದ್ರೆ ಬಾಯಿಯೇ ಇಲ್ಲ. ನೀವು ಹೋಗಿ, ಬಸ್ಸು ತಪ್ತದೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಫಲ್ಗುಣಿ ಹೊಳೆ ದಾಟುವಾಗ ಅವಳು ಪರ್ಸಿನಿಂದ ಎರಡೂ ಹಾಳೆಗಳನ್ನು ತೆಗೆದು ನೋಡಿದಳು, ಮತ್ತೆ ಮಡಚಿದಳು. ಮಾವ ಏನು ಹೇಳಬೇಕೆಂದಿದ್ದರು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಒಂದು ವೇಳೆ ಅವರಿಗೂ ಆ ಸಂಜೆ ತಿಳಿದಿರಲಿಲ್ಲವೇನೋ, ಬೆಳಗಾಗುವುದನ್ನೇ ಕಾಯುತ್ತಿದ್ದರೇನೋ. ಈಗ ಕೇಳಬೇಕಾದದ್ದು ಕಾಂತಿಯಮ್ಮ ಹೇಗೆ ಬದುಕಿದರು ಎಂದು. ಅದಕ್ಕೆ ಸಾಕ್ಷಿ ಇದ್ದವಳು ತಾನೊಬ್ಬಳೇ, ಅದೇ ಅಡುಗೆಮನೆಯಲ್ಲಿ, ಇಪ್ಪತ್ತೆಂಟು ವರ್ಷ. ಕೊನೆಯ ಬೆಳಿಗ್ಗೆಯೊಂದನ್ನು ಬಿಟ್ಟು.

ಶೆಡ್ಡಿನಲ್ಲಿ ಕಲ್ಲಿನ ಪುಡಿ ಹಿಟ್ಟಿನ ಹಾಗೆ ಎಲ್ಲದರ ಮೇಲೂ ಕುಳಿತಿತ್ತು. ಹುಕ್ರಪ್ಪ ಕರವಸ್ತ್ರವನ್ನು ಮೂಗಿನಿಂದ ಕೆಳಗೆಳೆದು, ಅವಳಿಗೆ ಸ್ಟೂಲು ಒರೆಸಿ ಕೊಟ್ಟ. ಬೆಂಚಿನ ಕಲ್ಲು ಮಲಗಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಗೆರೆ.

"ಗೆರೆ ಹಾಕಿ ತಂದ್ರಾ ಅಕ್ಕ?"

"ತಂದಿದ್ದೇನೆ. ಒಂದು ಕೇಳ್ತೇನೆ. ಜಾಗ ಬಿಡದೆ, ಇದ್ದ ಹಾಗೇ ಕೊರೆದ್ರೆ?"

"ಕೊರೀಬಹುದು. ಆದ್ರೆ ಜನ ತಮಗೆ ಸುಲಭ ಆದಲ್ಲಿ ನಿಲ್ಲಿಸಿ ಓದ್ತಾರೆ." ಅವನು ಉಳಿಯ ಮೊನೆಯನ್ನು ಹೆಬ್ಬೆರಳಿನಲ್ಲಿ ನೋಡಿದ. "ನಾನು ಓದಿದ್ದು ಐದನೇ ಕ್ಲಾಸು. ಅಕ್ಷರದ ಬಗ್ಗೆ ನನಗೆ ಗೊತ್ತಿರುವುದು ಒಂದೇ, ಕೊರೆದ ಮೇಲೆ ಅಳಿಸ್ಲಿಕ್ಕೆ ಆಗುವುದಿಲ್ಲ. ನೀವು ಕೂತು ನೋಡಿ, ನಾನು ಚಾ ಕುಡ್ದು ಬರ್ತೇನೆ."

ಅವನು ಹೋದ. ಅವಳು ಟೈಪು ಮಾಡಿದ ಹಾಳೆಯನ್ನು ಕಲ್ಲಿನ ಮೇಲಿಟ್ಟಳು. ಗಾಳಿಗೆ ಅದರ ಮೂಲೆ ಏಳುತ್ತಿತ್ತು. ಬಿಡಿಸದೆ ಬಿಟ್ಟರೆ ಎರಡೂ ಅರ್ಥ ಉಳಿಯುತ್ತವೆ ಎಂದುಕೊಂಡದ್ದು ಸುಳ್ಳು, ಸುಲಭವಾದದ್ದೇ ಉಳಿಯುತ್ತದೆ. ಕಾಂತಿಯಮ್ಮ ಬದುಕಿದ್ದು ಮತ್ತೊಮ್ಮೆ ಅಡಗುತ್ತದೆ, ಏಕಾರದೊಳಗಿನ ಅಕಾರದ ಹಾಗೆ. ಮಾವನೂ ಒಂದು ದಿನ ಗಾಲಿಕುರ್ಚಿಯಲ್ಲಿ ಆ ಬೆಂಚಿನ ಮುಂದೆ ಬಂದು ನಿಂತಾರು. ಅಶೋಕ ಕೋಪಿಸಿಕೊಂಡಾನು. ಅವಳ ಮನಸ್ಸಿನಲ್ಲಿ ಈ ಎಲ್ಲ ಮುಖಗಳೂ ಬಂದು ಹೋದವು.

ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿದಳು. ಸೀಮೆಸುಣ್ಣ ತೆಗೆದುಕೊಂಡು ಕಲ್ಲಿನ ಮೇಲೆ ಬಾಗಿದಳು. 'ಗೃಹೇ' ಎಂದು ಬರೆದು, ಅದರ ಬೆನ್ನಿಗೇ ಒಂದು ಕೊಕ್ಕೆ ಹಾಕಿದಳು, ದೊಡ್ಡದಾಗಿ, ಬಸ್ಸಿನ ಕಿಟಕಿಯಿಂದಲೂ ಕಾಣುವಂತೆ: ಗೃಹೇಽವಿದಿತವಿದ್ಯಾ ಯಾ. ಮನೆಯಲ್ಲಿ ಅವಳ ವಿದ್ಯೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ನಿಜ.

'ಪತ್ಯುಃ ಪಾರ್ಶ್ವೇ ಸದಾ' ಎಂದು ಬರೆದು ಕೈ ನಿಂತಿತು. ಇಲ್ಲಿಯೂ ಕೊಕ್ಕೆ ಹಾಕಿದರೆ ತಪ್ಪೊಪ್ಪಿಗೆ ನೇರವಾಗುತ್ತದೆ, ಶ್ಲೋಕಕ್ಕೆ ಒಂದೇ ಮುಖ ಬರುತ್ತದೆ, ಮಾವನ ಕ್ರಮವೂ ಉಳಿಯುತ್ತದೆ. ಕೇಳಿಸಲಿಲ್ಲ ಎಂದರೆ ಗಂಡಸಿಗೆ ಒಂದು ಬಿಡುಗಡೆ, ಪಾಪ, ಕೇಳಿಸಲಿಲ್ಲವಂತೆ. ಆದರೆ ಕೇಳಿಸಿತ್ತು. ಪ್ರತಿ ಸಲವೂ ಕೇಳಿಸಿತ್ತು. ಪ್ರತಿ ಸಲವೂ ತಿದ್ದಿಕೊಂಡಿದ್ದರು. ಅವಳು ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು 'ಶ್ರುತಾ' ಎಂದು ಬರೆದಳು.

ಎರಡನೆಯ ಸಾಲಿನಲ್ಲಿ 'ದೀಪಂ ಪ್ರಜ್ವಾಲ್ಯ ಸುಪ್ತೇಷು' ಆದ ಮೇಲೆ, 'ಗೃಹಿಣೀ ಸಾ' ಎಂದು ನಿಲ್ಲಿಸಿ ಮತ್ತೆ ಜಾಗ ಬಿಟ್ಟಳು. 'ಮೃತಾ ಮಮ'. ಸತ್ತವರನ್ನು ಸತ್ತರು ಎನ್ನಬೇಕು. ಸಾವಿಲ್ಲದವರು ಎಂದುಬಿಟ್ಟರೆ ಆ ಮಣೆ, ಆ ಕುದಿದು ಆರಿದ ನೀರು, ಆರೂವರೆಯವರೆಗಿನ ಆ ಎರಡು ಗಂಟೆ ಎಲ್ಲಿ ಹೋಗಬೇಕು?

ಹುಕ್ರಪ್ಪ ಬಾಯಿ ಒರೆಸುತ್ತಾ ಬಂದ. ಕಲ್ಲನ್ನೂ ಅವಳ ಬಿಳಿಯಾದ ಬೆರಳುಗಳನ್ನೂ ನೋಡಿದ.

"ಟೈಪು ಮಾಡಿದ್ದನ್ನು ನೀವು ತರ್ತೀರಿ ಅಂತ ಅಶೋಕಣ್ಣ ಫೋನಿನಲ್ಲಿ ಹೇಳಿದ್ರು."

"ಬಿಡಿಸಿದ್ದು ನಾನು" ಎಂದಳು ಶಶಿಪ್ರಭಾ. "ನಾಳೆ ಅಂತ ಇಡ್ಬೇಡಿ. ನಾನು ಇಲ್ಲಿ ಇರುವಾಗಲೇ ಆ ಕೊಕ್ಕೆಯಿಂದ ಶುರು ಮಾಡಿ."